ಬೆನ್ನುಡಿಗಿಂತ ಮೊದಲು ಮುದ್ರಣದ ಪುಟ: ಪುಸ್ತಕ ಕೊಳ್ಳುವಾಗ ನನ್ನ ಅನುಭವ

ಕದ್ರಿಯಲ್ಲಿ ನಾವು ಒಂದಷ್ಟು ಜನ ಸೇರಿ ಓದುಗರ ಬಳಗ ನಡೆಸುತ್ತೇವೆ. ಪ್ರತಿ ತಿಂಗಳು ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕುತ್ತಾರೆ, ಪುಸ್ತಕ ಆರಿಸಿ ತರುವ ಕೆಲಸ ನನ್ನದು. ನನ್ನ ದುಡ್ಡಾದರೆ ಹೇಗೂ ಆಗುತ್ತದೆ. ಹತ್ತು ಜನರ ದುಡ್ಡು ಅಂದ ಮೇಲೆ, "ಇದನ್ನ ಯಾಕೆ ತಂದದ್ದು ಮಾರಾಯ್ರೆ?" ಅಂತ ಯಾರಾದರೂ ಕೇಳಿದರೆ ಉತ್ತರ ಇರಬೇಕು. ಬಲ್ಮಠದಲ್ಲಿ ಅತ್ರಿ ಬುಕ್ ಸೆಂಟರ್ ಇದ್ದಾಗ ನಿಂತು ಪುಟ ತಿರುಗಿಸಿ ತೀರ್ಮಾನ ಮಾಡುತ್ತಿದ್ದೆ. 2012ರಲ್ಲಿ ಅದು ಮುಚ್ಚಿತು. ಈಗ ಮೊದಲು ಮೊಬೈಲ್, ಆಮೇಲೆ ಅಂಗಡಿ.

ಹೋದ ಮಳೆಗಾಲದಲ್ಲಿ ಕರಾವಳಿಯ ಇತಿಹಾಸದ ಬಗ್ಗೆ ಏನಾದರೂ ಓದೋಣ ಅಂತಾಯಿತು. ಹುಡುಕಿದಾಗ ಒಂದು ಕನ್ನಡ ಪುಸ್ತಕ ಸಿಕ್ಕಿತು. ಬೆಲೆ 450 ರೂಪಾಯಿ. ಅಮೆಜಾನ್‌ನಲ್ಲಿ ನಂಬರ್ ಒನ್ ಬೆಸ್ಟ್ ಸೆಲ್ಲರ್ ಅನ್ನುವ ಕೇಸರಿ ಪಟ್ಟಿ, 4.6 ಸ್ಟಾರ್, ಹಿಂಬದಿಯಲ್ಲಿ ಹೆಸರಾಂತ ಕವಿಯೊಬ್ಬರ ಬೆನ್ನುಡಿ. ಮೂರೂ ಇದೆ, ಇನ್ನೇನು ಬೇಕು ಅಲ್ವಾ?

ಕೇಸರಿ ಪಟ್ಟಿ ಕಂಡರೆ ನಾನು ಮಾಡುವುದು ಇಷ್ಟೇ: ಪುಟದ ಕೆಳಗೆ ಹೋಗಿ Best Sellers Rank ಅನ್ನುವ ಸಾಲು ನೋಡುತ್ತೇನೆ. ಅಲ್ಲಿ ಎರಡು ಬಗೆಯ ಸಂಖ್ಯೆ ಇರುತ್ತದೆ. ಒಂದು, ಎಲ್ಲ ಪುಸ್ತಕಗಳ ನಡುವೆ ಇದರ ಸ್ಥಾನ. ಇನ್ನೊಂದು, ಸಣ್ಣ ವಿಭಾಗದೊಳಗಿನ ಸ್ಥಾನ. ಪಟ್ಟಿ ಸಿಗುವುದು ಈ ಎರಡನೆಯದಕ್ಕೆ. ನಮ್ಮ ಪುಸ್ತಕ ಸಣ್ಣ ವಿಭಾಗದಲ್ಲಿ ಮೊದಲನೆಯದು, ಒಟ್ಟು ಪುಸ್ತಕಗಳಲ್ಲಿ ಲಕ್ಷದಿಂದ ಆಚೆ. ಅಂದರೆ ಆ ವಿಭಾಗದಲ್ಲಿ ಓಡುವವರೇ ಕಡಿಮೆ. ಜೊತೆಗೆ ಈ ಸ್ಥಾನ ಗಂಟೆಗಂಟೆಗೂ ಬದಲಾಗುತ್ತದೆ. ಬಿಡುಗಡೆಯ ದಿನ ನೆಂಟರಿಷ್ಟರು ಒಟ್ಟಿಗೆ ಆರ್ಡರ್ ಮಾಡಿದರೂ ಮೇಲೇರಿಬಿಡಬಹುದು. 2016ರಲ್ಲಿ ಅಮೆರಿಕದ ಒಬ್ಬರು ತಮ್ಮ ಪಾದದ ಫೋಟೊವನ್ನೇ ಪುಸ್ತಕ ಮಾಡಿ, ಬೆರಳೆಣಿಕೆಯ ಪ್ರತಿ ಮಾರಿ, ಸಣ್ಣ ವಿಭಾಗವೊಂದರಲ್ಲಿ ನಂಬರ್ ಒನ್ ಆಗಿ ತೋರಿಸಿದ್ದರು. ನ್ಯೂಯಾರ್ಕ್ ಟೈಮ್ಸ್ ಪಟ್ಟಿಯಲ್ಲಾದರೆ ಸಗಟು ಖರೀದಿ ನಡೆದಿದೆ ಅಂತ ಅಂಗಡಿಗಳು ತಿಳಿಸಿದ ಪುಸ್ತಕದ ಪಕ್ಕ ಪುಟ್ಟ ಕತ್ತಿಯಂಥ ಗುರುತು ಹಾಕುತ್ತಾರೆ. ರಕ್ಷಾಪುಟದ ಮೇಲೆ ಪಟ್ಟಿಯ ಹೆಸರು ಬರುತ್ತದೆ, ಆ ಗುರುತು ಬರುವುದಿಲ್ಲ.

ಕನ್ನಡ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಪುಸ್ತಕದೊಳಗೇ ಇದೆ. ಶೀರ್ಷಿಕೆ ಪುಟದ ಹಿಂದೆ ಮುದ್ರಣದ ವಿವರ ಇರುತ್ತದಲ್ಲ, ಅದು. ಯಾವ ವರ್ಷ ಎಷ್ಟನೇ ಮುದ್ರಣ, ಪುಟಗಳೆಷ್ಟು, ಕಾಗದ ಯಾವುದು, ಮುಖ್ಯವಾಗಿ ಪ್ರತಿಗಳು ಎಷ್ಟು. ನಮ್ಮ ಪುಸ್ತಕದ ಮುಖಪುಟದಲ್ಲಿ "ಐದನೇ ಮುದ್ರಣ" ಅಂತ ದೊಡ್ಡದಾಗಿತ್ತು. ಅಂಗಡಿಗೆ ಹೋಗಿ ಬಿಡಿಸಿ ನೋಡಿದರೆ ಪ್ರತಿಗಳು 300. ಪ್ರತಿ ಸಲ ಅಷ್ಟೇ ಅಂದುಕೊಂಡರೂ ಐದು ಸಲಕ್ಕೆ 1500. ಪಕ್ಕದಲ್ಲೇ ಸಾವಿರ ಸಾವಿರ ಪ್ರತಿ ಹಾಕಿ ಎರಡನೇ ಮುದ್ರಣಕ್ಕೆ ಬಂದ ಪುಸ್ತಕ ಇತ್ತು. ಅದರ ಮೇಲೆ ಏನೂ ಬರೆದಿರಲಿಲ್ಲ, ಆದರೂ ಅಚ್ಚಾದದ್ದು ಜಾಸ್ತಿ. ಡಿಜಿಟಲ್ ಮುದ್ರಣ ಬಂದ ಮೇಲೆ ಕಡಿಮೆ ಪ್ರತಿ ಹಾಕುವುದು ಸುಲಭ. ಅದರಲ್ಲಿ ತಪ್ಪೇನೂ ಇಲ್ಲ, ಪ್ರಕಾಶಕರ ದುಡ್ಡು ಗೋದಾಮಿನಲ್ಲಿ ಕೊಳೆಯುವುದಿಲ್ಲ. ನಾವು ಎಣಿಸುವಾಗ ಎಚ್ಚರ ಇದ್ದರಾಯಿತು.

ಸಂಖ್ಯೆಗಿಂತ ನಾನು ವರ್ಷಗಳನ್ನು ಜಾಸ್ತಿ ನಂಬುತ್ತೇನೆ. 2009, 2013, 2018, 2023 ಅಂತ ಮುದ್ರಣಗಳಿದ್ದರೆ ಯಾರೋ ಆ ಪುಸ್ತಕವನ್ನು ಕೇಳುತ್ತಲೇ ಇದ್ದಾರೆ ಅಂತ ಅರ್ಥ. ಐದೂ ಮುದ್ರಣ ಎರಡೇ ತಿಂಗಳಲ್ಲಿ ಆಗಿದ್ದರೆ ಅದು ಬಿಡುಗಡೆಯ ಗದ್ದಲ. ಓದಿದವರು ಇನ್ನೊಬ್ಬರಿಗೆ ಹೇಳುವಷ್ಟು ಸಮಯ ಇನ್ನೂ ಆಗಿಲ್ಲ. ನಮ್ಮದು ಈ ಎರಡನೇ ಜಾತಿಯದು. ಪ್ರತಿಗಳ ಸಂಖ್ಯೆಯನ್ನೇ ಹಾಕದ ಪುಸ್ತಕಗಳೂ ಇವೆ. ಅಲ್ಲಿ ವರ್ಷ ಮಾತ್ರ ಗತಿ.

ಇನ್ನು 4.6 ಸ್ಟಾರ್. ಕೊಟ್ಟವರು 14 ಜನ. ಅಮೆಜಾನ್ ಶೇಕಡ ಲೆಕ್ಕ ತೋರಿಸುತ್ತದೆ, ನಾನು ಅದನ್ನು ಜನರ ಲೆಕ್ಕಕ್ಕೆ ತಿರುಗಿಸುತ್ತೇನೆ. ಐದು ಸ್ಟಾರ್ 86 ಶೇಕಡ ಅಂದರೆ 12 ಜನ. ಮೂರು ಸ್ಟಾರ್ 7 ಶೇಕಡ ಅಂದರೆ ಒಬ್ಬರು. ಒಂದು ಸ್ಟಾರ್‌ಗೂ ಒಬ್ಬರು. ಹೀಗೆ ಎಣಿಸಿದ ಕೂಡಲೇ 4.6ರ ತೂಕ ಇಳಿದುಹೋಗುತ್ತದೆ. ಐದು ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ಏನೂ ಬರೆದಿರಲಿಲ್ಲ. ಬರೆದವರ ತಾರೀಕು ನೋಡಿದರೆ ಎಲ್ಲ ಬಿಡುಗಡೆಯ ವಾರದ್ದೇ. "ಅದ್ಭುತ, ಎಲ್ಲರೂ ಓದಲೇಬೇಕು." ಏನು ಅದ್ಭುತ, ಯಾವ ಅಧ್ಯಾಯ, ಅದಿಲ್ಲ. ಒಂದು ಸ್ಟಾರ್ ಕೊಟ್ಟವರ ಸಿಟ್ಟು ಪುಸ್ತಕದ ಮೇಲಲ್ಲ, ಮೂಲೆ ಮಡಚಿಹೋಗಿ ಬಂದ ಪಾರ್ಸೆಲ್ ಮೇಲೆ. ಅದನ್ನೂ ಬಿಟ್ಟೆ. ಉಳಿದದ್ದು ಮೂರು ಸ್ಟಾರ್‌ನ ಒಬ್ಬರೇ ಓದುಗರು. ಅವರು ಬರೆದಿದ್ದರು: ಮೊದಲ ನೂರು ಪುಟದ ಊರಿನ ಕತೆಗಳು ಸೊಗಸಾಗಿವೆ, ಆಮೇಲೆ ಹೇಳಿದ್ದಕ್ಕೆಲ್ಲ ಆಧಾರ ಎಲ್ಲಿ ಅಂತ ಹುಡುಕಬೇಕು. ಹದಿನಾಲ್ಕು ಜನರಲ್ಲಿ ನನ್ನ ಕೆಲಸಕ್ಕೆ ಬಂದದ್ದು ಈ ಒಂದು ಮಾತು.

ಅನುವಾದಿತ ಪುಸ್ತಕಕ್ಕೆ ಮಾತ್ರ ಇನ್ನೊಂದು ನೋಟ ಬೇಕು. ಬೇರೆ ಬೇರೆ ಆವೃತ್ತಿಗಳ ರೇಟಿಂಗ್ ಕೆಲವು ಸಲ ಒಟ್ಟಿಗೆ ಸೇರಿಕೊಂಡಿರುತ್ತದೆ. ಸಾವಿರಾರು ಜನ ಹೊಗಳಿದ್ದು ಇಂಗ್ಲಿಷ್ ಮೂಲವನ್ನು, ನಮ್ಮ ಕೈಗೆ ಬರುವುದು ಯಾರೋ ಅವಸರದಲ್ಲಿ ಮಾಡಿದ ಅನುವಾದ. ಹಾಗಾಗಿ ಕನ್ನಡದಲ್ಲಿ ಬರೆದ ಅಭಿಪ್ರಾಯಗಳನ್ನಷ್ಟೇ ಓದುತ್ತೇನೆ.

ಬೆನ್ನುಡಿಯ ವಿಷಯ. ಬರೆಯುವವರು ಹೆಚ್ಚಾಗಿ ಲೇಖಕರ ಪರಿಚಯದವರೇ, ಕೇಳಿದಾಗ ಇಲ್ಲ ಅನ್ನುವುದು ಕಷ್ಟ. ಅಮೆರಿಕದ ದೊಡ್ಡ ಪ್ರಕಾಶನ ಸೈಮನ್ ಅಂಡ್ ಶುಸ್ಟರ್‌ನ ಮುಖ್ಯ ವಿಭಾಗದವರೇ 2025ರಲ್ಲಿ, ಇನ್ನು ಇಂಥ ಹೊಗಳಿಕೆ ತರುವಂತೆ ಲೇಖಕರನ್ನು ಒತ್ತಾಯಿಸುವುದಿಲ್ಲ ಅಂದರು. ನಾನು ಬೆನ್ನುಡಿಯನ್ನು ಒಳಗಿನ ಮುನ್ನುಡಿಯ ಜೊತೆ ಇಟ್ಟು ಓದುತ್ತೇನೆ, ಯಾಕೆಂದರೆ ಅಲ್ಲಿಂದಲೇ ಕತ್ತರಿಸಿ ತಂದದ್ದು ಬಹಳ ಇರುತ್ತದೆ. ಈ ಪುಸ್ತಕದ ಹಿಂಬದಿಯಲ್ಲಿ "ಕರಾವಳಿಯವರೆಲ್ಲ ಓದಬೇಕಾದ ಪುಸ್ತಕ..." ಅಂತ ಮೂರು ಚುಕ್ಕಿ. ಚುಕ್ಕಿ ಕಂಡರೆ ನನಗೆ ಕುತೂಹಲ. ಮುನ್ನುಡಿಯಲ್ಲಿ ಅದೇ ವಾಕ್ಯ ಸಿಕ್ಕಿತು, ಮುಂದುವರಿದಿತ್ತು: "ಆದರೆ ಇದನ್ನು ಇತಿಹಾಸ ಅನ್ನುವುದಕ್ಕಿಂತ ನೆನಪುಗಳ ಸಂಗ್ರಹ ಅನ್ನುವುದು ಸರಿ." ಕವಿಗಳು ಪ್ರಾಮಾಣಿಕವಾಗಿಯೇ ಬರೆದಿದ್ದರು. ಕತ್ತರಿ ಬೇರೆಯವರದು.

ಕೊನೆಗೆ ನನಗೆ ಗೊತ್ತಿರುವ ಒಂದು ವಿಷಯ ತೆಗೆದು ನೋಡಿದೆ. 1837ರಲ್ಲಿ ಸುಳ್ಯದ ಕಡೆಯಿಂದ ದಂಡು ಕಟ್ಟಿಕೊಂಡು ಬಂದು ಮಂಗಳೂರನ್ನು ಹಿಡಿದ ರೈತರ ದಂಗೆ, ನಮ್ಮ ಕಡೆ ಕಲ್ಯಾಣಪ್ಪನ ಕಾಟಕಾಯಿ ಅನ್ನುತ್ತಾರಲ್ಲ, ಅದು. ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ ಕತೆ ಚೆನ್ನಾಗಿ ಹೇಳಿದ್ದರು, ಅಜ್ಜಿ ಹೇಳಿದ ಹಾಗೆ. ಆದರೆ ಯಾವ ದಾಖಲೆಯಿಂದ ತೆಗೆದದ್ದು ಅಂತ ಒಂದು ಸಾಲೂ ಇಲ್ಲ. ಪುಸ್ತಕದ ಕೊನೆಯಲ್ಲಿ ಆಕರ ಗ್ರಂಥಗಳ ಪಟ್ಟಿಯೂ ಇಲ್ಲ. ಮೂರು ಸ್ಟಾರ್‌ನವರು ಹೇಳಿದ್ದು ಸರಿಯಾಗಿತ್ತು.

ಬಳಗಕ್ಕೆ ಬೇಕಿದ್ದದ್ದು ಇತಿಹಾಸ, ಆದ್ದರಿಂದ ಪಕ್ಕದಲ್ಲಿದ್ದ ಆ ಎರಡನೇ ಮುದ್ರಣದ ಪುಸ್ತಕವನ್ನೇ ತಂದೆ. ಅದರಲ್ಲಿ ಅಡಿಟಿಪ್ಪಣಿ ಎಷ್ಟಿದೆ ಅಂದರೆ ಇಬ್ಬರು ಗೊಣಗಿದರು, ಇರಲಿ. ಊರಿನ ಕತೆಗಳಿದ್ದ 450 ರೂಪಾಯಿಯದನ್ನು ನನ್ನ ಸ್ವಂತ ದುಡ್ಡಲ್ಲಿ ಮನೆಗೆ ತಂದೆ, ಅಮ್ಮ ಓದುತ್ತಿದ್ದಾರೆ. ಕವನ ಸಂಕಲನಕ್ಕೆ ಮಾತ್ರ ನನ್ನ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಅಲ್ಲಿ ರೇಟಿಂಗೂ ಇರುವುದಿಲ್ಲ, ಮುದ್ರಣವೂ ಒಂದೇ ಸಲ. ಅಂಗಡಿಯಲ್ಲಿ ನಿಂತು ನಡುವಿನ ಎರಡು ಕವನ ಓದುತ್ತೇನೆ, ಹಿಡಿಸಿದರೆ ಬಿಲ್ ಹಾಕಿಸುತ್ತೇನೆ.