‘ಅಡ್ಡಿಲ್ಲ’ ಅಂದರೆ ಎಷ್ಟು ಚೆನ್ನಾಗಿತ್ತು?

ಭಾಗಮಂಡಲದ ಹತ್ತಿರ ನಮ್ಮದೊಂದು ಮೂರು ಕೋಣೆಯ ಹೋಂಸ್ಟೇ. ಮನೆಮಾತು ಅರೆಭಾಷೆ. ಹೆಂಡತಿ ಸೋಮವಾರಪೇಟೆ ಕಡೆಯವಳು, ಅವಳ ಕನ್ನಡ ಹಾಸನದವರದ್ದಕ್ಕೆ ಹತ್ತಿರ. ಬಂದವರು ಬರೆಯಲಿ ಅಂತ ಜಗಲಿಯಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ.

ಒಮ್ಮೆ ಕುಂದಾಪುರದ ಒಂದು ಸಂಸಾರ ಅದರಲ್ಲಿ ‘ಊಟ ಅಡ್ಡಿಲ್ಲ. ಮತ್ತೆ ಬರುವ’ ಅಂತ ಬರೆದು ಹೋಯಿತು. ಬೆಳಗ್ಗೆ ಐದಕ್ಕೆ ಎದ್ದು ಕಡಂಬುಟ್ಟು ಮಾಡಿದ್ದ ಹೆಂಡತಿಯ ಮುಖ ಸಣ್ಣದಾಯಿತು. ‘ಅಡ್ಡಿ ಇಲ್ಲ ಅಂದ್ರೆ ಏನು, ಹೇಗೋ ನುಂಗಿದ್ವಿ ಅಂತಲಾ?’ ಅಂದಳು. ಕರಾವಳಿಯವರ ಬಾಯಲ್ಲಿ ಅಡ್ಡಿಲ್ಲ ಅಂದರೆ ಚೆನ್ನಾಗಿತ್ತು ಅಂತಲೇ ಅರ್ಥ. ಅವರು ಹೊಗಳುವುದೇ ಅಷ್ಟು ಅಳತೆಯಲ್ಲಿ. ಸಾಕ್ಷಿ ಪಕ್ಕದಲ್ಲೇ ಇತ್ತು. ‘ಬರುವ’ ಅಂದರೆ ಅವರಿಗೆ ‘ಬರೋಣ’. ಬರೆದವರು ಮನೆಯವರೊಂದಿಗೆ ಆಗಲೇ ಮುಂದಿನ ಸಲದ ಮಾತಾಡಿಕೊಂಡಿದ್ದಾರೆ.

ಅವಳಿಗೆ ಇಷ್ಟು ಪಾಠ ಹೇಳಿದ ನಾನೇ ಮುಂದಿನ ತಿಂಗಳು ಎಡವಿದೆ. ಹುಬ್ಬಳ್ಳಿ ಕಡೆಯವರೊಬ್ಬರು ಊರು ಮುಟ್ಟಿದ ಮೇಲೆ ಹೀಗೆ ಕಳಿಸಿದರು: ‘ನೀರ ಕಾಯೋದು ಭಾಳ ತಡಾ ಆತ್ರಿ. ಒಂದ್ ತಾಸ್ ಕಾದ್ವಿ. ಹಂಡೆ ಸಣ್ಣದೈತಿ, ದೊಡ್ಡದ ಇಡ್ರಿ.’ ನನ್ನ ಕಿವಿಗೆ ಆ ‘ರಿ’ಗಳೆಲ್ಲ ಮೇಜು ಗುದ್ದಿದ ಹಾಗೆ ಕೇಳಿದವು. ನಮ್ಮಲ್ಲಿ ‘ಏನ್ರೀ’ ಅಂತ ಶುರುವಾದರೆ ಬಸ್‌ಸ್ಟ್ಯಾಂಡಿನಲ್ಲಿ ಸೀಟಿನ ಜಗಳ ಅಂತಲೇ ಲೆಕ್ಕ. ‘ಸೌದೆ ಒಲೆಯ ನೀರು ಅಂತ ಮೊದಲೇ ತಿಳಿಸಿದ್ದೆವು’ ಎಂದು ಬಿಗಿಯಾಗಿ ಬರೆದೆ. ಹತ್ತು ನಿಮಿಷದಲ್ಲಿ ಉತ್ತರ: ‘ಸಿಟ್ಟ್ ಮಾಡ್ಕೋಬ್ಯಾಡ್ರಿ ಅಣ್ಣಾರ, ನಮ್ಮನಿ ಅಂತ ತಿಳ್ಕೊಂಡ ಹೇಳೀನ್ರಿ.’

ನಾಚಿಕೆಯಾಯಿತು. ಮೊದಲಿನ ಸಾಲುಗಳನ್ನು ಮತ್ತೆ ಓದಿದೆ, ಈ ಸಲ ಪ್ರತಿ ‘ರಿ’ ಇದ್ದಲ್ಲಿ ‘ಸಾರ್’ ಹಾಕಿಕೊಂಡು. ‘ನೀರು ಕಾಯೋದು ತುಂಬಾ ತಡ ಆಯ್ತು ಸಾರ್, ದೊಡ್ಡ ಹಂಡೆ ಇಡಿ ಸಾರ್.’ ಜಗಳ ಎಲ್ಲಿ ಹೋಯಿತು? ಅವರ ಕಡೆ ‘ರಿ’ ಮರ್ಯಾದೆಯ ಗುರುತು, ಇದ್ದಷ್ಟೂ ಒಳ್ಳೆಯದು. ಹೆದರಬೇಕಾದ್ದು ಅದು ತಪ್ಪಿದಾಗ.

ಅದೂ ಒಮ್ಮೆ ಎದುರಾಯಿತು. ವಿಜಯಪುರದವರೊಬ್ಬರ ಮೆಸೇಜು ‘ನಮಸ್ಕಾರ್ರಿ’ ಎಂದು ಶುರುವಾಗಿ ನಾಲ್ಕನೇ ಸಾಲಿಗೆ ‘ರೊಕ್ಕ ವಾಪಸ್ ಹಾಕು’ ಅಂತ ಮುಗಿದಿತ್ತು. ‘ಹಾಕ್ರಿ’ ಅಲ್ಲ, ‘ಹಾಕು’. ಟೈಪ್ ಮಾಡುವಾಗ ಬಿಟ್ಟುಹೋದದ್ದೂ ಇರಬಹುದು, ಆದರೂ ಬರೆಯುತ್ತ ಕೂರದೆ ಫೋನ್ ಮಾಡಿದೆ. ಒಂದು ದಿನದ ಬಾಡಿಗೆಯನ್ನು ನಾವು ಎರಡು ಸಲ ಹಿಡಿದಿದ್ದೆವು. ಅಂದಿನಿಂದ ಒಂದು ಪದದ ಗಡಸುತನಕ್ಕಿಂತ, ಅದೇ ಮನುಷ್ಯನ ಮಾತು ನಡುವೆ ಎಲ್ಲಿ ತಿರುಗಿತು ಎಂದು ನೋಡುತ್ತೇನೆ. ಬೆಂಗಳೂರಿನ ಹುಡುಗರಲ್ಲಿ ಇದು ಉಲ್ಟಾ: ‘ಗುರು, ಗುರು’ ಅಂತಿದ್ದವನು ಒಮ್ಮೆಲೇ ‘ನೀವು’ ಅಂದರೆ ಏನೋ ಕೆಟ್ಟಿದೆ. (ಅವರೇ ‘ರೂಮ್ ಚಿಂದಿ ಗುರು’ ಎಂದು ಬರೆದಿದ್ದನ್ನು ಯಾರೋ ಓದಿ ಹೇಳಿದಾಗ ನನ್ನ ಅಮ್ಮ ಹೊದಿಕೆಗಳನ್ನೆಲ್ಲ ಬಿಸಿಲಿಗೆ ಹಿಡಿದು ಎಲ್ಲಿ ಹರಿದಿದೆ ಎಂದು ಹುಡುಕಿದ್ದರು. ಚಿಂದಿ ಅಂದರೆ ಅವರ ಲೆಕ್ಕದಲ್ಲಿ ಸೂಪರ್.)

ಇನ್ನು ನನ್ನ ಕನ್ನಡವೇ ಬೇರೆಯವರಿಗೆ ಹೇಗೆ ಕೇಳುತ್ತದೆ ಎಂಬುದು ಗೊತ್ತಾದದ್ದು ಮೈಸೂರಿನ ಒಬ್ಬ ಅಮ್ಮನಿಂದ. ಬುಕಿಂಗ್ ಮಾಡಿದವರಿಗೆ ನಾನು ಮಾಮೂಲಿನಂತೆ ‘ಎಷ್ಟು ಜನ ಬರುವುದು? ಎಷ್ಟು ಗಂಟೆಗೆ ಮುಟ್ಟುವುದು? ಊಟ ಬೇಕಾ?’ ಎಂದು ಕಳಿಸಿದ್ದೆ. ಅವರು ಹೆಂಡತಿಗೆ ಫೋನ್ ಮಾಡಿ, ‘ನಿಮ್ಮ ಯಜಮಾನರಿಗೆ ನಾವು ಬರೋದು ಇಷ್ಟ ಇಲ್ವಾ?’ ಅಂದರಂತೆ. ಕುಳಿತು ಯೋಚಿಸಿದೆ. ‘ಬರ್ತೀರಿ’ ಅಂದಾಗ ಕೊನೆಯ ‘ಈರಿ’ಯಲ್ಲೇ ಮರ್ಯಾದೆ ಇರುತ್ತದೆ. ನಮ್ಮ ‘ಬರುವುದು’ದಲ್ಲಿ ಬರುವವರು ಯಾರು ಎಂಬ ಗುರುತೇ ಇಲ್ಲ; ಮರ್ಯಾದೆಯೂ ಇಲ್ಲ, ಅವಮರ್ಯಾದೆಯೂ ಇಲ್ಲ. ಎದುರಿಗಿದ್ದರೆ ನಗುಮುಖ ಅದನ್ನು ತುಂಬುತ್ತದೆ. ಬರೆದಾಗ ಆ ಜಾಗ ಖಾಲಿ, ಮೈಸೂರಿನವರಿಗೆ ಆ ಖಾಲಿಯೇ ಪೊಲೀಸ್ ವಿಚಾರಣೆ. ಈಗ ಅವರಿಗೆ ‘ಎಷ್ಟು ಜನ ಬರ್ತೀರಿ, ಎಷ್ಟೊತ್ತಿಗೆ ತಲುಪ್ತೀರಿ’ ಎಂದೇ ಬರೆಯುತ್ತೇನೆ. ಪುತ್ತೂರು, ಸುಳ್ಯದವರಿಗೆ ‘ಬರುವುದು’ ಸಾಕು.

ಎರಡೇ ಪದ ಬರೆದವರ ಮುಂದೆ ಈ ಯಾವ ಉಪಾಯವೂ ನಡೆಯುವುದಿಲ್ಲ. ಧಾರವಾಡದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದವರದ್ದೂ ಕಷ್ಟವೇ, ಅವರಲ್ಲಿ ‘ರಿ’ ಬರುವುದೂ ಹೋಗುವುದೂ ಸಹಜ. ಮೊನ್ನೆ ಅಂಥವರೊಬ್ಬರು ‘ಊಟ ಪರವಾಗಿಲ್ಲ’ ಎಂದು ಬರೆದರು. ಹೆಂಡತಿ ಪುಸ್ತಕ ಮುಚ್ಚಿ, ಅವರ ತಟ್ಟೆಯಲ್ಲಿ ಏನು ಉಳಿದಿತ್ತು ಎಂದು ಅಡಿಗೆಮನೆಯಲ್ಲಿ ಕೇಳಲು ಹೋದಳು.