ಸಂಬಳ ನಿಮ್ಮ ನಿರೀಕ್ಷೆಗೆ ಹೊಂದದಿದ್ದಾಗ ರಿಕ್ರೂಟರ್‌ಗೆ ಹೇಗೆ ಬರೆಯಬೇಕು?

ರಿಕ್ರೂಟರ್ ತಿಳಿಸಿದ ಸಂಬಳದ ಶ್ರೇಣಿ ನೀವು ನಿಗದಿ ಮಾಡಿಕೊಂಡ ಕನಿಷ್ಠ ಮಿತಿಗಿಂತ ಕಡಿಮೆ ಎನಿಸಿದರೆ, ನಿರಾಕರಿಸುವ ಮುನ್ನ ಎರಡು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಿ: ಆ ಶ್ರೇಣಿ ಸ್ಥಿರ ವೇತನದ್ದೋ ಅಥವಾ ಬೋನಸ್ ಸೇರಿದ ಒಟ್ಟು ಮೊತ್ತದ್ದೋ, ಮತ್ತು ಅದರ ಗರಿಷ್ಠ ಮಿತಿಯನ್ನು ಮೀರಲು ಅವಕಾಶವಿದೆಯೋ ಇಲ್ಲವೋ.

ನಿಮಗೆ ಬೇಕಾದ ಕನಿಷ್ಠ ಸ್ಥಿರ ವೇತನ 100 ಎಂದು ಇಟ್ಟುಕೊಳ್ಳೋಣ. ರಿಕ್ರೂಟರ್ 85ರಿಂದ 110 ಎಂದಿದ್ದಾರೆ. ಮೇಲ್ನೋಟಕ್ಕೆ 110 ಸಾಕೆನಿಸುತ್ತದೆ. ಆದರೆ ಅದು ಒಟ್ಟು ಮೊತ್ತವಾಗಿದ್ದು, ಅದರಲ್ಲಿ ಶೇ 20 ಬೋನಸ್ ಆಗಿದ್ದರೆ, ಸ್ಥಿರವಾಗಿ ಕೈಗೆ ಬರುವುದು 88 ಮಾತ್ರ. ಮುಂದಿನ ವರ್ಷಗಳ ಏರಿಕೆಗೆ ಜಾಗ ಉಳಿಸಿಕೊಳ್ಳಲೆಂದು ಅನೇಕ ಕಂಪನಿಗಳು ಹೊಸಬರಿಗೆ ಶ್ರೇಣಿಯ ತುದಿಯ ಮೊತ್ತವನ್ನು ಕೊಡುವುದೂ ಇಲ್ಲ. ಗರಿಷ್ಠ ಮಿತಿ ಬದಲಾಗದು ಎಂಬ ಉತ್ತರ ಬಂದರೆ, ಅದೇ ಇಮೇಲ್‌ಗೆ ಮರುದಿನದೊಳಗೆ ಹೀಗೆ ಉತ್ತರಿಸಬಹುದು:

“ನಮಸ್ಕಾರ. ವೇತನದ ವಿವರಗಳನ್ನು ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು. ನನ್ನ ಕನಿಷ್ಠ ನಿರೀಕ್ಷೆ 100ರ ಸ್ಥಿರ ವೇತನವಾಗಿದ್ದು, ಈ ಹುದ್ದೆಯ ಶ್ರೇಣಿ ಅದಕ್ಕಿಂತ ಕಡಿಮೆ ಇರುವುದರಿಂದ ಆಯ್ಕೆ ಪ್ರಕ್ರಿಯೆಯಿಂದ ಹಿಂದೆ ಸರಿಯುತ್ತಿದ್ದೇನೆ. ದಯವಿಟ್ಟು ಗುರುವಾರದ ಸಂದರ್ಶನವನ್ನು ರದ್ದುಪಡಿಸಿ. ಈ ಮಿತಿಗೆ ಹೊಂದುವ ಬೇರೆ ಹುದ್ದೆಯಿದ್ದರೆ ಸಂಪರ್ಕಿಸಬಹುದು.”

ಇಲ್ಲಿ ಅಂಕಿಯನ್ನು ಬರೆಯುವುದು ಮುಖ್ಯ. ರಿಕ್ರೂಟರ್ ಅದನ್ನು ನೇಮಕಾತಿಯ ಮ್ಯಾನೇಜರ್‌ಗೆ ಹಾಗೆಯೇ ತೋರಿಸಬಹುದು. ಬಜೆಟ್ ಕಡಿಮೆಯಾಯಿತೆಂದು ವಾದಿಸಲು ಅವರಿಗೂ ಅದು ಆಧಾರವಾಗುತ್ತದೆ. ಈಗಿನ ಸಂಬಳವನ್ನಾಗಲಿ, ಮನೆಯ ಖರ್ಚುಗಳನ್ನಾಗಲಿ ವಿವರಿಸಬೇಕಿಲ್ಲ, ಏಕೆಂದರೆ ಕೊಟ್ಟ ಪ್ರತಿ ಕಾರಣವೂ ಚರ್ಚೆಗೆ ಹೊಸ ಬಾಗಿಲು ತೆರೆಯುತ್ತದೆ. “ಸದ್ಯಕ್ಕೆ ಕಷ್ಟ”, “ಸ್ವಲ್ಪ ಯೋಚಿಸುತ್ತೇನೆ” ಎಂಬ ಮಾತುಗಳು ವಿನಯದಂತೆ ಕಂಡರೂ, ಅವನ್ನು ಓದಿದವರು ನೀವು ಚೌಕಾಸಿಗೆ ಸಿದ್ಧರಿದ್ದೀರೆಂದೇ ತಿಳಿಯುತ್ತಾರೆ. ಸಂದರ್ಶನದ ಸಮಯವೂ ಹಾಗೆಯೇ ಕಾದಿರಿಸಲ್ಪಟ್ಟಿರುತ್ತದೆ. ನಿರ್ಧಾರವನ್ನು ನೇರವಾಗಿ ಹೇಳುವುದೇ ಅವರ ಸಮಯಕ್ಕೆ ಕೊಡುವ ಗೌರವ ಎಂದು ನಾನು ನಂಬುತ್ತೇನೆ.

ಮಧ್ಯವರ್ತಿ ಸಂಸ್ಥೆಯ ರಿಕ್ರೂಟರ್ ಆಗಿದ್ದರೆ, ನಿಮ್ಮ ರೆಸ್ಯೂಮೆಯನ್ನು ಈ ಹುದ್ದೆಗೆ ಕಳುಹಿಸಬಾರದೆಂದು ಒಂದು ಸಾಲು ಸೇರಿಸಿ. ಕಂಪನಿಯ ಜಾಲತಾಣದ ಮೂಲಕ ಅರ್ಜಿ ಹಾಕಿದ್ದರೆ, ಅಲ್ಲಿಯೂ ಅದನ್ನು ಹಿಂತೆಗೆದುಕೊಳ್ಳಿ.

ಇಷ್ಟಾದ ಮೇಲೂ ಕರೆ ಬರಬಹುದು. ಸೇರುವಾಗ ಒಂದು ಬಾರಿ ಬೋನಸ್ ಕೊಡುತ್ತೇವೆ ಎಂದರೆ, ಮೇಲಿನ ಉದಾಹರಣೆಯಲ್ಲಿ 12ರ ಕೊರತೆ ಮೊದಲ ವರ್ಷಕ್ಕಷ್ಟೇ ತುಂಬುತ್ತದೆ. ಎರಡನೆಯ ವರ್ಷ ಸ್ಥಿರ ವೇತನ ಮತ್ತೆ 88ರಿಂದಲೇ ಲೆಕ್ಕಕ್ಕೆ ಬರುತ್ತದೆ. ಸ್ಥಿರ ವೇತನವನ್ನೇ ಏರಿಸುತ್ತೇವೆ ಎಂದರೆ, “ಪರಿಷ್ಕೃತ ಅಂಕಿಯನ್ನು ದಯವಿಟ್ಟು ಇಮೇಲ್‌ನಲ್ಲಿ ತಿಳಿಸಿ, ಅದನ್ನು ನೋಡಿ ಉತ್ತರಿಸುತ್ತೇನೆ” ಎಂದು ಹೇಳಿ ಕರೆ ಮುಗಿಸಿ. ಆ ಇಮೇಲ್ ಬರುವವರೆಗೆ ಸಂದರ್ಶನಕ್ಕೆ ಹೊಸ ದಿನಾಂಕವನ್ನು ಒಪ್ಪಿಕೊಳ್ಳಬೇಡಿ.