ನಾಲ್ಕು ಪಹಣಿಗಳಲ್ಲಿ ಕರಗಿದ ಕಟ್ಟೆ

ಮೈಸೂರಿನ ಸುತ್ತ ಎಷ್ಟು ಕೆರೆಗಳಿವೆ ಎಂದು ಕೇಳಿದರೆ ಒಂದೊಂದು ಕಚೇರಿ ಒಂದೊಂದು ಸಂಖ್ಯೆ ಹೇಳುತ್ತದೆ. ಹೊಸ ಪಟ್ಟಿ ಬಂದಾಗಲೆಲ್ಲ ಸಂಖ್ಯೆ ಇನ್ನಷ್ಟು ಇಳಿದಿರುತ್ತದೆ. ನಾನು ಪರವಾನಗಿ ಪಡೆದ ಭೂಮಾಪಕ. ಜಮೀನು ಅಳೆದುಕೊಡುವ ಕೆಲಸದ ನಡುವೆ, ನಗರದ ಅಂಚಿನ ಒಂದು ಹೋಬಳಿಯ ಕೆರೆಕಟ್ಟೆಗಳ ಪಟ್ಟಿಯನ್ನು ನಾನೇ ಮೂಲದಾಖಲೆಗಳಿಂದ ಮಾಡಿಕೊಂಡೆ. ಹೇಗೆ ಮಾಡಿದೆ, ಸಂಖ್ಯೆ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒತ್ತುವರಿ ದೊಡ್ಡ ಕಾರಣವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಎಷ್ಟೋ ಕಟ್ಟೆಗಳು ನೆಲದ ಮೇಲೆ ಮುಚ್ಚುವುದಕ್ಕೆ ಮೊದಲೇ ಕಾಗದದಲ್ಲಿ ಮುಚ್ಚಿಹೋಗಿವೆ.

ಕೆರೆ ಹುಡುಕಲು ಹೊರಟವರು ಸಾಮಾನ್ಯವಾಗಿ ಪಹಣಿಯಿಂದ ಶುರುಮಾಡುತ್ತಾರೆ. ಗಣಕೀಕೃತ ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರಿನ ಜಾಗದಲ್ಲಿ ‘ಸರ್ಕಾರಿ ಕೆರೆ’ ಎಂದಿರುವ ಸರ್ವೆ ನಂಬರುಗಳನ್ನು ಹೆಕ್ಕಿದರೆ ಒಂದು ಪಟ್ಟಿ ಸಿದ್ಧವಾಗುತ್ತದೆ. ಅನೇಕ ಪಟ್ಟಿಗಳು ಹುಟ್ಟುವುದು ಹೀಗೆಯೇ. ಈ ದಾರಿಯಲ್ಲಿ ಸಿಗುವುದು ಸ್ವಂತ ಸರ್ವೆ ನಂಬರು ಪಡೆದ ಕೆರೆಗಳು ಮಾತ್ರ. ಹಳೇ ಮೈಸೂರಿನಲ್ಲಿ 1863ರಿಂದ ಮುಂಬಯಿ ಪದ್ಧತಿಯಲ್ಲಿ ಸರ್ವೆ ನಡೆಯಿತು. ಅದರ ಉದ್ದೇಶ ಕಂದಾಯ ನಿಗದಿಮಾಡುವುದು. ಆದ್ದರಿಂದ ಮಳೆಯಾಶ್ರಿತ ಹೊಲ ಖುಷ್ಕಿ, ನೀರಾವರಿಯ ಗದ್ದೆ ತರಿ, ತೋಟ ಬಾಗಾಯ್ತು ಎಂಬ ವರ್ಗಗಳು ಬಂದವು. ಕಂದಾಯ ಹಾಕಲಾಗದ ನೆಲ ಖರಾಬಾಯಿತು. ನೀರು ನಿಲ್ಲುವ ಜೌಗು ನೆಲಕ್ಕೆ ಪ್ರತ್ಯೇಕ ವರ್ಗವೇ ಇರಲಿಲ್ಲ. ಕೆರೆಯ ಏರಿಯ ಕೆಳಗಿನ ಜೌಗು ಒಂದೋ ತರಿಯಾಗಿ ಬರೆಯಲ್ಪಟ್ಟಿತು, ಇಲ್ಲವೇ ಯಾರದೋ ಜಮೀನಿನ ಖರಾಬಿನಲ್ಲಿ ಸೇರಿಹೋಯಿತು.

ಖರಾಬಿನಲ್ಲೂ ಎರಡು ಬಗೆ ಇದೆ. ಕಲ್ಲುಬಂಡೆಯಂತಹ, ಬೇಸಾಯಕ್ಕೆ ಬಾರದ ನೆಲ ‘ಅ’ ಖರಾಬು. ದಾರಿ, ಹಳ್ಳ, ಕಟ್ಟೆ, ಸ್ಮಶಾನ ಮುಂತಾದ ಸಾರ್ವಜನಿಕ ಬಳಕೆಯ ನೆಲ ‘ಬ’ ಖರಾಬು. ರೈತನ ಸರ್ವೆ ನಂಬರಿನ ಒಳಗೇ ಇದ್ದರೂ ‘ಬ’ ಖರಾಬು ರೈತನದಲ್ಲ, ಸರ್ಕಾರದ್ದು. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಹಳ್ಳ, ಕೆರೆ, ಕಾಲುವೆಗಳ ನೆಲ ಸರ್ಕಾರದ ಆಸ್ತಿ. ದೊಡ್ಡ ಕೆರೆಗಳಿಗೆ ಸ್ವಂತ ನಂಬರು ಸಿಕ್ಕಿದೆ. ಸಣ್ಣ ಕಟ್ಟೆ, ಕುಂಟೆಗಳು ಬಹುಮಟ್ಟಿಗೆ ಈ ‘ಬ’ ಖರಾಬಿನಲ್ಲೋ ಗೋಮಾಳದ ನಂಬರಿನ ಒಳಗೋ ಅಡಗಿವೆ. ಅವುಗಳಿಗೆ ಹೆಸರಿನ ಪಹಣಿ ಇಲ್ಲ.

ಹಾಗಾಗಿ ನಾನು ಪಹಣಿಯನ್ನು ಕೊನೆಗಿಟ್ಟುಕೊಂಡು ಗ್ರಾಮನಕ್ಷೆಯಿಂದ ಶುರುಮಾಡಿದೆ. ನಮ್ಮ ಗ್ರಾಮನಕ್ಷೆಗಳ ಅಳತೆ 1:7920, ಅಂದರೆ ಎಂಟು ಅಂಗುಲಕ್ಕೆ ಒಂದು ಮೈಲಿ. ನಕ್ಷೆಯಲ್ಲಿ ನೀರಿನ ಗುರುತು, ಏರಿಯ ಗೆರೆ, ಹಳ್ಳದ ಜೋಡಿಗೆರೆ ಕಂಡಲ್ಲೆಲ್ಲ ಒಂದೊಂದು ಕ್ರಮಸಂಖ್ಯೆ ಹಾಕಿದೆ. ಆಮೇಲೆ ಪ್ರತಿ ಗುರುತಿನ ಸರ್ವೆ ನಂಬರಿಗೂ ವಿಸ್ತೀರ್ಣ, ಕಂದಾಯಗಳ ಮೂಲ ದಾಖಲೆಯಾದ ಆಕಾರಬಂದ್ ತೆಗೆಸಿ, ಒಟ್ಟು ವಿಸ್ತೀರ್ಣ ಎಷ್ಟು, ಖರಾಬು ಎಷ್ಟು ಎಂದು ಬರೆದುಕೊಂಡೆ. ಖರಾಬು ಇದ್ದ ಕಡೆ ಮೂಲ ಟಿಪ್ಪಣಿಯ ನಕಲು ಪಡೆದೆ. ಸರ್ವೆಯವರು ಹೊಲದಲ್ಲಿ ಅಳೆದ ಸರಪಳಿ, ಆಣೆಗಳ ಲೆಕ್ಕ ಟಿಪ್ಪಣಿಯಲ್ಲಿರುತ್ತದೆ. ಸರಪಳಿಯ ಉದ್ದ 33 ಅಡಿ. ಒಂದು ಚದರ ಸರಪಳಿ ಎಂದರೆ 1,089 ಚದರ ಅಡಿ, ಅದೇ ಒಂದು ಗುಂಟೆ. ಆದ್ದರಿಂದ ಟಿಪ್ಪಣಿ ಕೈಯಲ್ಲಿದ್ದರೆ ಕಟ್ಟೆಯ ವಿಸ್ತೀರ್ಣವನ್ನು ನಾವೇ ಕೂಡಿ ನೋಡಬಹುದು. ಇವೆಲ್ಲ ಆದ ಮೇಲಷ್ಟೇ ಇಂದಿನ ಪಹಣಿ.

ಒಂದು ಕಟ್ಟೆಯ ಕಥೆಯನ್ನು ಪೂರ್ತಿಯಾಗಿ ಹೇಳಿದರೆ ವಿಷಯ ಸ್ಪಷ್ಟವಾಗುತ್ತದೆ. ಊರಿನ ಹೆಸರು ಬೇಡ; ಅಲ್ಲಿ ಜಮೀನಿನ ತಕರಾರು ಇನ್ನೂ ಮುಗಿದಿಲ್ಲ. ಗ್ರಾಮನಕ್ಷೆಯಲ್ಲಿ ಆ ಕಟ್ಟೆ ಒಂದು ಸೆಂಟಿಮೀಟರಿನಷ್ಟು ಅಗಲಕ್ಕೆ ಚೆನ್ನಾಗಿಯೇ ಕಾಣುತ್ತದೆ. ಅದಿರುವ ಸರ್ವೆ ನಂಬರಿನ ವಿಸ್ತೀರ್ಣ ಹಳೆಯ ಆಕಾರಬಂದ್‌ನಲ್ಲಿ 6 ಎಕರೆ 10 ಗುಂಟೆ. ಅದರಲ್ಲಿ ‘ಬ’ ಖರಾಬು 1 ಎಕರೆ 30 ಗುಂಟೆ, ಅಂದರೆ 70 ಗುಂಟೆ. ಸಾಗುವಳಿಗೆ ಉಳಿದದ್ದು 4 ಎಕರೆ 20 ಗುಂಟೆ. ಟಿಪ್ಪಣಿಯಲ್ಲಿ ಖರಾಬಿನ ಸುತ್ತಳತೆ ಬೇರೆಯಾಗಿ ಇದೆ, ಒಳಗೆ ‘ಕಟ್ಟೆ’ ಎಂದು ಬರೆದಿದೆ. ಇಲ್ಲಿಯವರೆಗೆ ದಾಖಲೆ ಅಚ್ಚುಕಟ್ಟಾಗಿದೆ.

ಮುಂದೆ ಆ ಮನೆಯಲ್ಲಿ ಅಣ್ಣತಮ್ಮಂದಿರ ಭಾಗವಾಯಿತು. ಪೋಡಿಯಾಗಿ, ಅಂದರೆ ಸರ್ವೆ ನಂಬರನ್ನು ಅಳೆದು ಒಡೆದು, ನಾಲ್ಕು ಹಿಸ್ಸಾ ಆದವು. ಆಗ ಖರಾಬನ್ನೂ ನಾಲ್ಕು ಹಿಸ್ಸಾಗಳಿಗೆ ಹಂಚಿದರು: 22, 20, 16, 12 ಗುಂಟೆ. ಕೂಡಿದರೆ ಎಪ್ಪತ್ತೇ ಬರುತ್ತದೆ, ಲೆಕ್ಕ ತಪ್ಪಿಲ್ಲ. ಆದರೆ ಈಗ ಪ್ರತಿ ಪಹಣಿಯನ್ನೂ ಬಿಡಿಯಾಗಿ ನೋಡುವವರಿಗೆ ಕಾಣುವುದು ಹತ್ತಿಪ್ಪತ್ತು ಗುಂಟೆಯ ಖರಾಬು, ಅಷ್ಟೇ. ಅದು ದಾರಿಯೋ, ಬಂಡೆಯೋ, ಕಟ್ಟೆಯ ಮೂಲೆಯೋ ಪಹಣಿ ಹೇಳುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಹನ್ನೆರಡು ಗುಂಟೆಯ ಹಿಸ್ಸಾದ ಇಂದಿನ ಪಹಣಿಯಲ್ಲಿ ಆ ಅಂಕಿ ‘ಬ’ ಕಾಲಮ್ಮಿನಿಂದ ‘ಅ’ ಕಾಲಮ್ಮಿಗೆ ಸರಿದಿತ್ತು. ಯಾವ ಆದೇಶದ ಮೇಲೆ ಎಂದು ಹುಡುಕಿದೆ, ಆದೇಶ ಸಿಗಲಿಲ್ಲ. ಒಂದು ಅಕ್ಷರ ಬದಲಾದದ್ದರಿಂದ ಸಾರ್ವಜನಿಕ ನೀರಿನ ನೆಲ ಖಾಸಗಿಯ ಕೃಷಿಯೋಗ್ಯವಲ್ಲದ ನೆಲವಾಯಿತು. ಎಪ್ಪತ್ತರಲ್ಲಿ ದಾಖಲೆಯಲ್ಲಿ ಸರ್ಕಾರದ್ದಾಗಿ ಉಳಿದದ್ದು 58 ಗುಂಟೆ.

ಸ್ಥಳದಲ್ಲಿ ನೀರಿರಲಿಲ್ಲ. ಏರಿಯ ಅರ್ಧ ಭಾಗ ಉಳಿದಿತ್ತು, ತೂಬಿನ ಕಲ್ಲು ಇತ್ತು. ಊರಿನ ನೀರಗಂಟಿ ಮನೆತನದ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆ. “ಕೋಡಿ ಇಲ್ಲಿತ್ತು ಸ್ವಾಮಿ. ಇಲ್ಲಿ ಹರಿದ ನೀರು ಕೆಳಗಿನ ದೊಡ್ಡ ಕೆರೆಗೆ ಸೇರುತ್ತಿತ್ತು. ರಸ್ತೆ ಎತ್ತರಿಸಿದ ಮೇಲೆ ಮೇಲಿನ ನೀರೇ ಬರುವುದು ನಿಂತಿತು,” ಎಂದು ಅವರು ತೋರಿಸಿದ ಜಾಗ ಟಿಪ್ಪಣಿಯ ಗೆರೆಗೆ ಸರಿಯಾಗಿ ಕೂಡಿತು. ದಾಖಲೆಗಳ ಜೊತೆಗೆ ಇಂತಹ ಹಿರಿಯರ ಮಾತು ನನಗೆ ತುಂಬಾ ಮುಖ್ಯ. ಕೋಡಿ ಎಲ್ಲಿ, ಯಾವ ಹಳ್ಳಕ್ಕೆ ಎಂಬುದು ಆಕಾರಬಂದ್‌ನಲ್ಲಿ ಇರುವುದಿಲ್ಲ.

ಈ ಕಟ್ಟೆ ಉಪಗ್ರಹ ಚಿತ್ರ ಆಧರಿಸಿದ ಪಟ್ಟಿಯಲ್ಲಾದರೂ ಇರಬೇಕಿತ್ತಲ್ಲ ಎಂದು ಕೆಲವರು ಕೇಳಿದ್ದಾರೆ. ಇಸ್ರೋದ ಅಹಮದಾಬಾದ್ ಕೇಂದ್ರ ಸಿದ್ಧಪಡಿಸಿದ ರಾಷ್ಟ್ರೀಯ ಜೌಗುಪ್ರದೇಶ ನಕಾಶೆಯ ಅಳತೆ 1:50,000. ಅದರಲ್ಲಿ 2.25 ಹೆಕ್ಟೇರಿಗಿಂತ ದೊಡ್ಡದಕ್ಕೆ ಮಾತ್ರ ಆಕಾರ ಬರೆದಿದ್ದಾರೆ. ಚಿಕ್ಕವು ಬರೀ ಚುಕ್ಕೆಗಳು. 2.25 ಹೆಕ್ಟೇರ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 5 ಎಕರೆ 22 ಗುಂಟೆ. ನನ್ನ ಕಟ್ಟೆ ಸುಮಾರು 0.7 ಹೆಕ್ಟೇರ್, ಆ ನಕಾಶೆಯಲ್ಲಿ ಎರಡು ಮಿಲಿಮೀಟರೂ ಆಗುವುದಿಲ್ಲ. ಚಿತ್ರ ತೆಗೆದ ವರ್ಷ ಒಣಗಿದ್ದರೆ ಚುಕ್ಕೆಯೂ ಕಾಣದೆ ಹೋಗಬಹುದು. ಇನ್ನು 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗಾಗಿ, ಕುಡಿಯುವ ನೀರಿಗಾಗಿ ಕಟ್ಟಿದ ಕೆರೆಗಳನ್ನೂ ಗದ್ದೆಗಳನ್ನೂ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ನಮ್ಮ ಸೀಮೆಯ ಕೆರೆಗಳು ಹೆಚ್ಚುಕಡಿಮೆ ಎಲ್ಲವೂ ಜನ ಕಟ್ಟಿದವು, ನೀರಾವರಿಗೆ ಕಟ್ಟಿದವು. ಹಾಗಾಗಿ ಪಕ್ಕದ ರಂಗನತಿಟ್ಟು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿ ರಾಮ್ಸಾರ್ ತಾಣವಾದರೂ, ಹಕ್ಕಿಗಳು ಮೇಯಲು ಬರುವ ಹಳ್ಳಿಯ ಕೆರೆಗೆ ಈ ನಿಯಮದ ರಕ್ಷಣೆ ಸಿಗುವುದು ಕಷ್ಟ. ಈ ವ್ಯಾಖ್ಯೆಯನ್ನು ನಾನು ಒಪ್ಪುವುದಿಲ್ಲ.

ಇಲಾಖೆಗಳ ಪಟ್ಟಿಗಳಿಗೆ ಬೇರೆಯೇ ಅಳತೆಗೋಲು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯಾದರೆ ಜಿಲ್ಲಾ ಪಂಚಾಯತಿಗೆ. ಇಲ್ಲಿ ಎಣಿಕೆಗೆ ಆಧಾರ ನೀರಲ್ಲ, ಕೆಳಗಿನ ಗದ್ದೆ. ಊರು ನಗರಕ್ಕೆ ಸೇರಿ ಗದ್ದೆಗಳು ಬಡಾವಣೆಯಾದ ಮೇಲೆ ಅಚ್ಚುಕಟ್ಟೇ ಇಲ್ಲದ ಕೆರೆಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುತ್ತದೆ, ಹಳೆಯ ಪಟ್ಟಿಯಿಂದ ಬಿಟ್ಟದ್ದು ಹೊಸ ಪಟ್ಟಿಗೆ ಸೇರುವುದಿಲ್ಲ. ನಗರದೊಳಗಿನ ಹೆಸರಾಂತ ಕೆರೆಗಳೂ ಒಂದೇ ಕೈಯಲ್ಲಿಲ್ಲ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದ ಸುಪರ್ದಿನಲ್ಲಿದೆ, ಲಿಂಗಾಂಬುಧಿ ಅರಣ್ಯ ಇಲಾಖೆಯ ಬಳಿ. ಯಾವುದಾದರೂ ಒಂದೇ ಇಲಾಖೆಯ ಪಟ್ಟಿ ಹಿಡಿದು ಮೈಸೂರಿನ ಕೆರೆಗಳನ್ನು ಎಣಿಸಿದರೆ ಇವುಗಳಲ್ಲಿ ಕೆಲವಾದರೂ ಬಿಟ್ಟುಹೋಗುತ್ತವೆ. ಇನ್ನು ದೊಡ್ಡಕೆರೆ ಮೈದಾನ, ಸುಬ್ಬರಾಯನಕೆರೆ, ಜೀವರಾಯನಕಟ್ಟೆ ಎಂಬ ಹೆಸರುಗಳು ಉಳಿದಿವೆ. ಅಲ್ಲಿ ಆಟ, ವಸ್ತುಪ್ರದರ್ಶನ, ಸಭೆ ನಡೆಯುತ್ತವೆ.

ಸಂಖ್ಯೆ ಇಳಿಯುವುದು ಕೆಲವೊಮ್ಮೆ ನ್ಯಾಯವೇ ಆಗಿರುತ್ತದೆ ಎಂಬುದನ್ನೂ ಹೇಳಬೇಕು. ಎರಡು ಗ್ರಾಮಗಳ ಗಡಿಯ ಮೇಲಿರುವ ಕೆರೆಗೆ ಎರಡೂ ಕಡೆ ಸರ್ವೆ ನಂಬರು ಇರುತ್ತದೆ. ನಂಬರು ಎಣಿಸಿದರೆ ಎರಡು ಕೆರೆ, ನೀರು ಎಣಿಸಿದರೆ ಒಂದು. ನನ್ನ ಪಟ್ಟಿಯಲ್ಲಿ ಒಂದು ಏರಿಗೆ ಒಂದು ಸಾಲು ಎಂಬ ನಿಯಮ ಇಟ್ಟುಕೊಂಡೆ. ಆ ಏರಿಗೆ ಸೇರಿದ ನಂಬರುಗಳು, ಹಿಸ್ಸಾಗಳು ಎಷ್ಟೇ ಇದ್ದರೂ ಅದೇ ಸಾಲಿನಲ್ಲಿ ಬರೆದೆ. ಹೀಗೆ ಮಾಡಿದಾಗ ದೊಡ್ಡ ಕೆರೆಗಳ ಸಂಖ್ಯೆ ಸ್ವಲ್ಪ ಇಳಿಯಿತು, ಸಣ್ಣ ಕಟ್ಟೆಗಳ ಸಂಖ್ಯೆ ಏರಿತು.

ಗ್ರಾಮನಕ್ಷೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂಡಿಸುವ ಕೆಲಸವನ್ನು QGIS ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದೆ. ಮೂರು ಊರಿನ ಗಡಿ ಕೂಡುವ ಕಲ್ಲು, ಹಳೆಯ ದೇವಸ್ಥಾನ, ಕೆರೆಯ ಏರಿಯ ತುದಿ ಇವು ಕೂಡಿಸಲು ಒಳ್ಳೆಯ ಗುರುತುಗಳು. ರಸ್ತೆಯ ತಿರುವುಗಳನ್ನು ನಂಬಬಾರದು, ಅವು ಬದಲಾಗಿರುತ್ತವೆ. ಆದರೂ ಈ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಎಂದರೆ ನೆಲದ ಮೇಲೆ ನಾಲ್ಕು ಮೀಟರ್. ಕಾಗದ ಕುಗ್ಗಿದ್ದು, ಮಡಿಕೆ ಬಿದ್ದದ್ದು ಸೇರಿ ವ್ಯತ್ಯಾಸ ಇನ್ನೂ ಹೆಚ್ಚು. ಕಟ್ಟೆ ಎಲ್ಲಿತ್ತು ಎಂದು ಹುಡುಕಲು ಇದು ಸಾಕು, ಯಾರ ಬೇಲಿ ಎಷ್ಟು ಅಡಿ ಒಳಗೆ ಬಂದಿದೆ ಎಂದು ಹೇಳಲು ಸಾಲದು. ಅದಕ್ಕೆ ಟಿಪ್ಪಣಿ ಹಿಡಿದು, ಬಾಂದುಕಲ್ಲಿನಿಂದ ಅಳೆಯಲೇಬೇಕು.

ಆ ನಾಲ್ಕು ಹಿಸ್ಸಾಗಳ ವಿಷಯದಲ್ಲಿ ಹಳ್ಳಿಯವರ ಅರ್ಜಿಯೊಂದನ್ನು ತಹಶೀಲ್ದಾರರಿಗೂ ಭೂದಾಖಲೆಗಳ ಸಹಾಯಕ ನಿರ್ದೇಶಕರಿಗೂ ಬರೆದುಕೊಟ್ಟಿದ್ದೇನೆ. ಕೇಳಿರುವುದು ಎರಡೇ: ಹನ್ನೆರಡು ಗುಂಟೆಯನ್ನು ಮೂಲ ಆಕಾರಬಂದ್‌ನಂತೆ ‘ಬ’ ಕಾಲಮ್ಮಿಗೆ ಮರಳಿಸಬೇಕು, ಎಪ್ಪತ್ತು ಗುಂಟೆಯನ್ನೂ ಒಟ್ಟಾಗಿ ಅಳೆದು ‘ಸರ್ಕಾರಿ ಕಟ್ಟೆ’ ಎಂದು ಪ್ರತ್ಯೇಕ ಹಿಸ್ಸಾ ಮಾಡಬೇಕು. ಜೊತೆಗೆ ಗ್ರಾಮನಕ್ಷೆ, ಹಳೆಯ ಆಕಾರಬಂದ್, ಟಿಪ್ಪಣಿ, ಪೋಡಿ ನಕ್ಷೆ, ನಾಲ್ಕೂ ಪಹಣಿಗಳನ್ನು ಇದೇ ಕ್ರಮದಲ್ಲಿ ಲಗತ್ತಿಸಿದ್ದೇವೆ. ಮೊದಲ ಹಾಳೆಯಲ್ಲಿ 22, 20, 16, 12 ಎಂಬ ಕೂಡಿಕೆಯನ್ನು ಬರೆದಿದ್ದೇವೆ. ಅಳತೆಗೆ ನೋಟಿಸು ಬಂದಿದೆ. ಹಿಸ್ಸಾದಾರರಲ್ಲಿ ಇಬ್ಬರು ಒಪ್ಪಿದ್ದಾರೆ, ಒಬ್ಬರು ಆಕ್ಷೇಪಣೆ ಸಲ್ಲಿಸಿದ್ದಾರೆ, ನಾಲ್ಕನೆಯ ಹಿಸ್ಸಾ ಈಗಾಗಲೇ ಮಾರಾಟವಾಗಿದೆ.